ಖಾರವೋ ನಮಸ್ಕಾರವೋ: 308 ಅನಿಸಿಕೆಗಳನ್ನು ಒಂದು ಶೀಟಿನಲ್ಲಿ ವಿಂಗಡಿಸಿದ ಪ್ರಕರಣ

ಧಾರವಾಡದಲ್ಲಿ ನನ್ನ ಕಾಕು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ ಮತ್ತು ರಂಜಕ ಮಾಡಿ ಕೊರಿಯರ್ ಮೂಲಕ ಊರೂರಿಗೆ ಕಳಿಸುತ್ತಾರೆ. ಕೈಕೆಳಗೆ ಆರು ಹೆಂಗಸರು ಇದ್ದಾರೆ. ಲೆಕ್ಕ, ಆರ್ಡರ್, ಗ್ರಾಹಕರ ಫೋನು ಇವೆಲ್ಲ ಅವರ ಮಗಳ ಪಾಲಿನವು. ಅವಳು ಪ್ರತಿ ಪೊಟ್ಟಣದಲ್ಲೂ ಒಂದು ಚೀಟಿ ಹಾಕಿ, ಅದರಲ್ಲಿರುವ ಕೋಡ್ ಸ್ಕ್ಯಾನ್ ಮಾಡಿದರೆ ಗೂಗಲ್ ಫಾರ್ಮ್ ತೆರೆಯುವಂತೆ ಮಾಡಿದ್ದಳು. ಅದರಲ್ಲಿ ಕೇಳಿದ್ದು ಎರಡೇ: ಆರ್ಡರ್ ಸಂಖ್ಯೆ ಮತ್ತು ‘ನಿಮ್ಮ ಅನಿಸಿಕೆ’. ಮೂರು ತಿಂಗಳಲ್ಲಿ 412 ಉತ್ತರ ಬಂದಿದ್ದವು.

ಒಂದು ಭಾನುವಾರ ಕಾಕು ಫೋನು ಮಾಡಿದರು. ‘ಮಂದಿಗೆ ನಮ್ಮ ಖಾರ ತಡೆಯುತ್ತಿಲ್ಲವಂತೆ. ಮಗಳು ಲೆಕ್ಕ ಹಾಕಿದ್ದಾಳೆ, ತೊಂಬತ್ತಕ್ಕೂ ಹೆಚ್ಚು ಜನ ಖಾರದ ಮಾತು ಬರೆದಿದ್ದಾರೆ. ಮೆಣಸಿನಕಾಯಿ ಕಡಿಮೆ ಮಾಡಿಬಿಡಲೇ? ಒಮ್ಮೆ ನೀನು ಆ ಶೀಟು ನೋಡು’ ಎಂದರು. ನನ್ನ ನೌಕರಿ ಬೆಂಗಳೂರಿನಲ್ಲಿ, ದಿನವಿಡೀ ಶೀಟುಗಳ ನಡುವೆಯೇ. ಮೂವತ್ತು ವರ್ಷದಿಂದ ಒಂದೇ ಹದದಲ್ಲಿ ಕುಟ್ಟಿಕೊಂಡು ಬಂದ ಚಟ್ನಿಯನ್ನು ಒಂದು ಸಂಖ್ಯೆಯ ಮಾತು ಕೇಳಿ ಬದಲಿಸಲು ಹೊರಟಿದ್ದಾರೆಂದರೆ, ಮೊದಲು ಆ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಬೇಕೆನಿಸಿತು.

94 ಎಲ್ಲಿಂದ ಬಂತು

ಕಾಕುವಿನ ಮಗಳು, ಅಂದರೆ ನನ್ನ ತಂಗಿ, ಬರೆದ ಸೂತ್ರ ಇದು:

```
=SUMPRODUCT(--REGEXMATCH(LOWER(B2:B413&""),"ಖಾರ|ಕಾರ|khara|kara|spicy"))
```

ಬರೆದ ರೀತಿಯಲ್ಲಿ ಲೋಪವಿರಲಿಲ್ಲ, ಅಷ್ಟೇ ಅಲ್ಲ, ಜಾಣತನವೂ ಇತ್ತು. ಜನ ಮಹಾಪ್ರಾಣ ಬಿಟ್ಟು ‘ಕಾರ’ ಎಂದು ಬರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರನ್ನೂ ಅವಳು ಮರೆತಿರಲಿಲ್ಲ. `B2:B413&""` ಎಂದು ಬರೆದದ್ದಕ್ಕೂ ಕಾರಣವಿದೆ. ಯಾರೋ ಅನಿಸಿಕೆಯ ಜಾಗದಲ್ಲಿ ಬರೀ 10 ಎಂದು ಅಂಕ ಹಾಕಿದ್ದರು. `REGEXMATCH` ಅಕ್ಷರಗಳನ್ನು ಮಾತ್ರ ಒಪ್ಪುತ್ತದೆ, ಅಂಕ ಸಿಕ್ಕಿದರೆ ದೋಷ ತೋರಿಸುತ್ತದೆ. ಖಾಲಿ ಅಕ್ಷರಮಾಲೆಯನ್ನು ಜೋಡಿಸಿದರೆ ಅಂಕವೂ ಅಕ್ಷರವಾಗುತ್ತದೆ. ಉತ್ತರ 94 ಎಂದು ಬಂದಿತ್ತು.

ಎಣಿಸಿದ ಸಾಲುಗಳನ್ನು ಬಿಡಿಬಿಡಿಯಾಗಿ ಓದಲು ಕುಳಿತೆ. ಮೊದಲನೆಯದು: ‘ನಮಸ್ಕಾರ, ರೊಟ್ಟಿ ಬಹಳ ಚೆನ್ನಾಗಿವೆ.’ ಎರಡನೆಯದು ಖಾರದ ಮಾತೇ. ಮೂರನೆಯದು: ‘ನಮಸ್ಕಾರ ಮೇಡಂ, ಪಾರ್ಸೆಲ್ ತಲುಪಿತು.’ ಅಲ್ಲಿಗೆ ನಗು ಬಂತು. ‘ನಮಸ್ಕಾರ’ದ ಹೊಟ್ಟೆಯಲ್ಲಿ ‘ಕಾರ’ ಕೂತಿದೆ, `namaskara`ದ ಹೊಟ್ಟೆಯಲ್ಲಿ `kara`. ಮರ್ಯಾದೆಯಿಂದ ಮಾತು ಆರಂಭಿಸಿದ ಪ್ರತಿಯೊಬ್ಬರೂ ಖಾರ ಜಾಸ್ತಿ ಎಂದು ದೂರಿದವರ ಪಟ್ಟಿಗೆ ಸೇರಿಬಿಟ್ಟಿದ್ದರು. ಅಂಥವರು 37 ಮಂದಿ. ‘ಕಾರಣ’ ಎಂಬ ಪದದಿಂದ 9 ಸಾಲು, ‘ಸಹಕಾರ’, ‘ಉಪಕಾರ’ಗಳಿಂದ 7. ಇವನ್ನೆಲ್ಲ ತೆಗೆದರೆ ನಿಜವಾಗಿ ಖಾರದ ಬಗ್ಗೆ ಬರೆದವರು 41 ಜನ.

ಆ 41ನ್ನೂ ಓದಿದೆ. ಖಾರ ಜಾಸ್ತಿ ಎಂದವರು 15. ಇನ್ನಷ್ಟು ಖಾರ ಬೇಕಿತ್ತು ಎಂದವರು 9. ಉಳಿದ 17 ಮಂದಿ ‘ಖಾರ ಹದವಾಗಿದೆ’ ಎಂದು ಹೊಗಳಿದವರು. ಜಾಸ್ತಿ ಎಂದ 15ರಲ್ಲಿ 11 ರಂಜಕದ ಮೇಲಿನ ದೂರು. ಹಣ್ಣು ಮೆಣಸಿನಕಾಯಿಯನ್ನೇ ಅರೆದು ಮಾಡುವ ರಂಜಕ ಖಾರವಾಗಿದೆ ಎಂದರೆ ಏನು ಹೇಳುವುದು? ಅದರ ಡಬ್ಬಿಯ ಮೇಲೆ ‘ಬಹಳ ಖಾರ’ ಎಂದು ಚೀಟಿ ಅಂಟಿಸಿದರೆ ಸಾಕು. ಖಾರದ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಸಾಲುಗಳನ್ನು ಓದುತ್ತ ಹೋದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ರೊಟ್ಟಿ ಮುರಿದು ಬಂದಿದೆ ಎಂಬ ಮಾತು ಬೇರೆ ಬೇರೆ ಬಾಯಲ್ಲಿ, ಬೇರೆ ಬೇರೆ ಪದದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಎಣಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ.

ಪದಗಳ ಪಟ್ಟಿ ಏನು ಹೇಳಿತು, ಏನು ಮುಚ್ಚಿಟ್ಟಿತು

412ರಲ್ಲಿ 66 ಖಾಲಿ. ಇನ್ನೂ 38ರಲ್ಲಿ ಒಂದು ಚುಕ್ಕೆ, ಹೆಬ್ಬೆರಳಿನ ಚಿತ್ರ, `ok`, `nil` ಅಥವಾ ಬರೀ ಅಂಕ. ಉಳಿದ 308 ಅನಿಸಿಕೆಗಳನ್ನು ಹೊಸ ಹಾಳೆಗೆ ನಕಲಿಸಿಕೊಂಡೆ. ಮೂಲ ಹಾಳೆಯನ್ನು ಮುಟ್ಟಲಿಲ್ಲ. ಹೊಸ ಹಾಳೆಯಲ್ಲಿ A ಕಾಲಂ ಆರ್ಡರ್ ಸಂಖ್ಯೆ, B ಗ್ರಾಹಕರು ಬರೆದ ಮಾತು ಇದ್ದಂತೆಯೇ, C ಅದೇ ಮಾತು ತೊಳೆದ ಮೇಲೆ. ಮೇಲಿನ ಎರಡು ಸಾಲು ಬೇರೆ ಕೆಲಸಕ್ಕೆ ಬೇಕಾಗಿದ್ದರಿಂದ ಅನಿಸಿಕೆಗಳು ಮೂರನೆಯ ಸಾಲಿನಿಂದ ಶುರುವಾಗಿ 310ನೆಯ ಸಾಲಿಗೆ ಮುಗಿಯುತ್ತವೆ. ತೊಳೆಯುವ ಸೂತ್ರ:

```
=TRIM(REGEXREPLACE(LOWER(SUBSTITUTE(SUBSTITUTE(B3&"",UNICHAR(8204),""),UNICHAR(8205),"")),"[.,!?;:()/\n-]"," "))
```

ಇದರಲ್ಲಿ ಕನ್ನಡಿಗರು ಗಮನಿಸಬೇಕಾದದ್ದು ಆ ಎರಡು `UNICHAR`ಗಳು. ‘ಕವರ್‌ನಲ್ಲಿ’ ಎಂದು ಟೈಪ್ ಮಾಡುವಾಗ ‘ರ್’ ಮತ್ತು ‘ನ’ ಒತ್ತಕ್ಷರವಾಗಿ ಬೆಸೆದುಕೊಳ್ಳದಿರಲಿ ಎಂದು ಕೀಲಿಮಣೆ ನಡುವೆ ಕಾಣದ ಒಂದು ಗುರುತು ಹಾಕುತ್ತದೆ. ಅದರ ಸಂಖ್ಯೆ 8204. ಅದರ ಜೊತೆಗಾರ 8205. ಒಬ್ಬರ ಫೋನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದ ಶೀಟಿಗೆ ಎರಡು ಬೇರೆ ಪದಗಳಾಗಿರುತ್ತವೆ. ಪದವನ್ನು ಕಣ್ಣಾರೆ ನೋಡುತ್ತಿದ್ದರೂ ಸೂತ್ರ ‘ಇಲ್ಲ’ ಎನ್ನುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. `LEN` ಹಾಕಿ ಉದ್ದ ನೋಡಿದರೆ ಒಂದು ಹೆಚ್ಚು ತೋರಿಸುತ್ತದೆ, ಅಲ್ಲಿಗೆ ಸಿಕ್ಕಿಬಿತ್ತು.

ತೊಳೆದ ಮೇಲೆ ಎಲ್ಲ ಪದಗಳನ್ನೂ ಒಂದೊಂದಾಗಿ ಬಿಡಿಸಿ ಎಣಿಸಿದೆ:

```
=ARRAYFORMULA(QUERY(FLATTEN(SPLIT(C3:C310," ")),"select Col1, count(Col1) where Col1 is not null group by Col1 order by count(Col1) desc",0))
```

ಮೇಲೆ ಬಂದವು: ಚೆನ್ನಾಗಿದೆ, ರೊಟ್ಟಿ, ಪುಡಿ, ತುಂಬಾ, ಆದರೆ, ಚಟ್ನಿ. ಇಷ್ಟನ್ನು ನೋಡಿದವರು ‘ಎಲ್ಲರಿಗೂ ಖುಷಿಯಾಗಿದೆ’ ಎಂದು ಹಾಳೆ ಮುಚ್ಚಿಬಿಡಬಹುದು. ಮುರಿತದ ಪದಗಳು ಕೆಳಗೆ, ಬಹಳ ಕೆಳಗೆ ಚದುರಿದ್ದವು. ಮುರಿದಿದೆ 9, ಮುರಿದಿತ್ತು 6, ಒಡೆದಿದೆ 5, `broken` 11, ತುಂಡು 4, `muridide` 3. ಒಂದೇ ದೂರು ಹತ್ತಾರು ವೇಷ ಹಾಕಿಕೊಂಡು ನಿಂತರೆ ಯಾವ ವೇಷವೂ ಪಟ್ಟಿಯ ಮೇಲ್ತುದಿಗೆ ಬರುವುದಿಲ್ಲ. ಕನ್ನಡದಲ್ಲಿ ಇದು ಇನ್ನೂ ಜೋರು. ಇಂಗ್ಲಿಷಿನ `broken` ಕಾಲ ಬದಲಾದರೂ `broken` ಆಗಿಯೇ ಉಳಿಯುತ್ತದೆ. ನಮ್ಮ ಕ್ರಿಯಾಪದ ಕಾಲ, ಲಿಂಗ, ವಚನ, ನಿಷೇಧ ಎಲ್ಲವನ್ನೂ ಬಾಲಕ್ಕೆ ಕಟ್ಟಿಕೊಂಡು ಓಡಾಡುತ್ತದೆ.

ಇನ್ನೊಂದು ಕಡೆ ಮೂರನೆಯ ಸ್ಥಾನದ ‘ಪುಡಿ’ಯನ್ನು ನೋಡಿ. ಬೆಂಗಳೂರು, ಮೈಸೂರಿನ ಗ್ರಾಹಕರಿಗೆ ಅದು ಚಟ್ನಿ ಪುಡಿ. ರೊಟ್ಟಿ ತರಿಸಿದವರಿಗೆ ‘ಪೂರಾ ಪುಡಿಯಾಗಿ ಬಂತು’ ಎಂಬ ಸಂಕಟ. ಒಂದೇ ಪದ ಮಾರುವ ಸರಕೂ ಹೌದು, ಅದರ ಮೇಲಿನ ದೂರೂ ಹೌದು. ಹಾಗಾಗಿ ಪದದ ಎಣಿಕೆ ವಿಷಯದ ಎಣಿಕೆಯಾಗುವುದಿಲ್ಲ. ಪದಗಳ ಪಟ್ಟಿಯಿಂದ ನನಗಾದ ಉಪಯೋಗ ಒಂದೇ: ಯಾವ್ಯಾವ ಪದಗಳು ಇವೆ ಎಂದು ಗೊತ್ತಾದದ್ದು. ಅದರ ಪಕ್ಕದ ಅಂಕಗಳನ್ನು ನಾನು ಬಳಸಲೇ ಇಲ್ಲ.

ವಿಷಯದ ಬುಟ್ಟಿಗಳು

‘ಪದಗಳು’ ಎಂಬ ಇನ್ನೊಂದು ಹಾಳೆ ಮಾಡಿದೆ. ಅದರ A ಕಾಲಂನಲ್ಲಿ ಪದದ ಬುಡ, B ಕಾಲಂನಲ್ಲಿ ಅದು ಸೇರುವ ವಿಷಯ. ವಿಷಯಗಳು ಆರು: ಮುರಿತ, ಖಾರ, ತಡ, ವಾಸನೆ, ಬೆಲೆ, ಮೆಚ್ಚುಗೆ. ವಾಸನೆ ಎಂದರೆ ಶೇಂಗಾ ಎಣ್ಣೆ ಬಿಟ್ಟು ಕಮಟಾದ ದೂರು. ಕೆಲಸದ ಹಾಳೆಯ ಮೊದಲ ಸಾಲಿನಲ್ಲಿ ವಿಷಯಗಳ ಹೆಸರು, E ಕಾಲಂನಿಂದ J ಕಾಲಂವರೆಗೆ. ಎರಡನೆಯ ಸಾಲಿನಲ್ಲಿ ಆ ವಿಷಯದ ಪದಗಳನ್ನೆಲ್ಲ ಪೋಣಿಸುವ ಸೂತ್ರ:

```
="(^| )("&TEXTJOIN("|",TRUE,FILTER('ಪದಗಳು'!$A$2:$A$200,'ಪದಗಳು'!$B$2:$B$200=E$1))&")"
```

ಮೂರನೆಯ ಸಾಲಿನಿಂದ ಕೆಳಗೆ, ಎಲ್ಲ ಕಾಲಂಗಳಿಗೂ ಒಂದೇ ಚಿಕ್ಕ ಸೂತ್ರ:

```
=--REGEXMATCH($C3,E$2)
```

ಅನಿಸಿಕೆ ಆ ವಿಷಯಕ್ಕೆ ಸೇರಿದರೆ 1, ಇಲ್ಲದಿದ್ದರೆ 0. ಒಂದು ಅನಿಸಿಕೆ ಎರಡು ಮೂರು ವಿಷಯಕ್ಕೂ ಸೇರಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ತಂಗಿ ಮೊದಲು `IFS` ಬಳಸಿ ಒಂದೇ ಕಾಲಂನಲ್ಲಿ ವಿಷಯದ ಹೆಸರು ಬರುವಂತೆ ಮಾಡಿದ್ದಳು. `IFS` ಮೊದಲು ಹೊಂದಿದ್ದಕ್ಕೇ ನಿಂತುಬಿಡುತ್ತದೆ. ‘ಖಾರ ಜಾಸ್ತಿ, ರೊಟ್ಟಿಯೂ ಮುರಿದಿತ್ತು’ ಎಂಬುದು ಖಾರದ ಬುಟ್ಟಿಗೆ ಬಿದ್ದು, ಮುರಿತ ಮಾಯವಾಗುತ್ತಿತ್ತು. ಸೂತ್ರದಲ್ಲಿ ಯಾವುದನ್ನು ಮೊದಲು ಬರೆದಿದ್ದಳೋ ಅದೇ ದೊಡ್ಡ ಸಮಸ್ಯೆಯಂತೆ ಕಾಣುತ್ತಿತ್ತು. ಅವಳು ಮೊದಲು ಬರೆದದ್ದು ಖಾರವನ್ನು.

ಸೂತ್ರದ ಆರಂಭದ `(^| )` ಎಂಬುದರ ಅರ್ಥ: ಸಾಲಿನ ಮೊದಲಲ್ಲಿ ಇರಬೇಕು, ಇಲ್ಲವೇ ಹಿಂದೆ ಖಾಲಿ ಜಾಗ ಇರಬೇಕು. ‘ನಮಸ್ಕಾರ’ದ ಒಳಗಿನ ‘ಕಾರ’ ಈಗ ಸಿಕ್ಕಿಬೀಳುವುದಿಲ್ಲ. ಇಂಗ್ಲಿಷ್ ಪದಗಳಿಗಾದರೆ ಪದದ ಅಂಚು ಹುಡುಕಲು `\b` ಬಳಸುವುದು ವಾಡಿಕೆ. ಗೂಗಲ್ ಶೀಟ್ಸ್ ಬಳಸುವ `RE2` ಯಂತ್ರದಲ್ಲಿ `\b`ಗೆ ಇಂಗ್ಲಿಷ್ ಅಕ್ಷರ, ಅಂಕ ಮಾತ್ರ ಪದ. ಕನ್ನಡದ ಅಕ್ಷರಗಳು ಅದರ ಕಣ್ಣಿಗೆ ವಿರಾಮ ಚಿಹ್ನೆಗಳಿದ್ದಂತೆ. ಚುಕ್ಕೆ, ಅಲ್ಪವಿರಾಮಗಳನ್ನೆಲ್ಲ ಮೊದಲೇ ಖಾಲಿ ಜಾಗವಾಗಿಸಿದ್ದು ಇದಕ್ಕೇ: ನಮ್ಮ ಪದಗಳಿಗೆ ಅಂಚು ನಾವೇ ಕಟ್ಟಿಕೊಡಬೇಕು.

ಪದದ ಮುಂಭಾಗಕ್ಕೆ ಬೇಲಿ ಹಾಕಿ, ಹಿಂಭಾಗವನ್ನು ತೆರೆದೇ ಬಿಟ್ಟೆ. ‘ಮುರಿ’ ಎಂದು ಕೊಟ್ಟರೆ ಮುರಿದಿದೆ, ಮುರಿದಿತ್ತು, ಮುರಿದುಹೋಗಿವೆ ಎಲ್ಲವೂ ಬಲೆಗೆ ಬೀಳುತ್ತವೆ. ಇಲ್ಲಿ ಕನ್ನಡ ಲಿಪಿಯ ಒಂದು ಸೂಕ್ಷ್ಮ ನೆರವಿಗೆ ಬರುತ್ತದೆ. ‘ಲೇಟ್’ ಎಂದು ಕೊಟ್ಟರೆ ಲೇಟ್ ಮಾತ್ರ ಸಿಗುತ್ತದೆ, ‘ಲೇಟಾಗಿ’, ‘ಲೇಟು’ ಸಿಗುವುದಿಲ್ಲ. ಏಕೆಂದರೆ ಶೀಟು ‘ಟ್’ ಅನ್ನು ಒಂದು ಅಕ್ಷರವೆಂದು ನೋಡದೆ, ‘ಟ’ ಮತ್ತು ಅದರ ಮೇಲಿನ ಅರ್ಧಾಕ್ಷರದ ಗುರುತು ಎಂದು ಎರಡಾಗಿ ನೋಡುತ್ತದೆ. ‘ಟಾ’ ಎಂದರೆ ‘ಟ’ ಮತ್ತು ದೀರ್ಘ. ಹಾಗಾಗಿ ಕೊನೆಯ ಗುರುತನ್ನು ಕಿತ್ತುಹಾಕಿ ‘ಲೇಟ’ ಎಂದು ಕೊಟ್ಟರೆ ಮೂರೂ ಸಿಗುತ್ತವೆ. ಓದುವಾಗ ಅದು ಪದವೇ ಅಲ್ಲ, ಆದರೆ ಶೀಟಿಗೆ ಅದೇ ಬುಡ. ಇದು ತಂಗಿಗೆ ಬಹಳ ಹಿಡಿಸಿತು. ಅರ್ಧ ಗಂಟೆಯಲ್ಲಿ ಪಟ್ಟಿಯ ಪದಗಳ ಬಾಲವನ್ನೆಲ್ಲ ಕತ್ತರಿಸಿ ಕೂತಿದ್ದಳು.

ಕತ್ತರಿಸಿದ್ದು ಅತಿಯಾದರೆ ಏನಾಗುತ್ತದೆ ಎಂಬುದೂ ಅಂದೇ ಗೊತ್ತಾಯಿತು. ತಡದ ಬುಟ್ಟಿಗೆ ‘ತಡ’ ಎಂದಷ್ಟೇ ಹಾಕಿದ್ದಳು. ಅದರಲ್ಲಿ ‘ಡಬ್ಬಿ ತೆರೆದ ಮೇಲೆ ತಡೆಯಲು ಆಗಲಿಲ್ಲ, ಒಂದೇ ದಿನಕ್ಕೆ ಖಾಲಿ’ ಎಂಬ ಹೊಗಳಿಕೆ ದೂರಾಗಿ ಬಿದ್ದಿತ್ತು. ‘ತಡವ’ ಎಂದು ಬದಲಿಸಿದೆವು. ‘ಕಾರ’ದ ಮುಂದೆ ಬೇಲಿ ಹಾಕಿದರೂ ‘ಕಾರಣ’ ನುಸುಳುತ್ತಲೇ ಇತ್ತು. ‘ಕಾರ ಇರಲಿ, ಅದರ ಮುಂದೆ ಣ ಇರಬಾರದು’ ಎಂದು ಬರೆಯುವ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ, `RE2`ನಲ್ಲಿ ಇಲ್ಲ. ಅದಕ್ಕೆ ತೊಳೆಯುವ ಸೂತ್ರದಲ್ಲೇ ಇನ್ನೊಂದು `SUBSTITUTE` ಸೇರಿಸಿ ‘ಕಾರಣ’ವನ್ನು C ಕಾಲಂನಿಂದ ಅಳಿಸಿಬಿಟ್ಟೆ. B ಕಾಲಂನಲ್ಲಿ ಮೂಲ ಮಾತು ಇದ್ದೇ ಇದೆಯಲ್ಲ.

ಮುರಿತದ ಬುಟ್ಟಿ ಕಟ್ಟಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ‘ಪುಡಿ’ಯನ್ನು ಒಂಟಿಯಾಗಿ ಹಾಕುವಂತಿಲ್ಲ. ‘ಪುಡಿಯಾ’, ‘ಪುಡಿ ಪುಡಿ’, ‘ಪುಡಿಪುಡಿ’, ‘ಪುಡಿ ಆಗ’ ಎಂದು ಹಾಕಿದೆ. ನಾಲ್ಕನೆಯದು ಮೋಸ ಮಾಡಿತು. ‘ಚಟ್ನಿ ಪುಡಿ ಆಗಲೇ ಮುಗಿಯಿತು’ ಎಂಬುದೂ ಹೊಂದಿಬಿಟ್ಟಿತು. ‘ಪುಡಿ ಆಗಿ’ ಎಂದು ಒಂದು ಗುಣಿತ ಹೆಚ್ಚು ಬರೆದ ಮೇಲೆ ಸರಿಯಾಯಿತು. ‘ಚೂರು’ ಇನ್ನೂ ತಮಾಷೆಯದು. ಧಾರವಾಡದ ನಮಗೆ ಅದು ತುಂಡು. ಮೈಸೂರಿನವರು ‘ಒಂದು ಚೂರು ಉಪ್ಪು ಕಡಿಮೆ ಮಾಡಿ’ ಎಂದು ಬರೆದಾಗ ಅದಕ್ಕೆ ‘ಸ್ವಲ್ಪ’ ಎಂಬ ಅರ್ಥ. ಹನ್ನೆರಡು ‘ಚೂರು’ಗಳಲ್ಲಿ ಏಳು ಹೀಗಿದ್ದವು. ‘ಚೂರು ಚೂರು’, ‘ಚೂರಾ’, ‘ಚೂರುಗ’ ಮಾತ್ರ ಇಟ್ಟುಕೊಂಡೆ.

ಎಕ್ಸೆಲ್ ಬಳಸುವವರಿಗೆ ಒಂದು ಮಾತು. ಹಳೆಯ ಆವೃತ್ತಿಗಳಲ್ಲಿ `REGEXMATCH` ಥರದ್ದು ಇಲ್ಲ. P ಕಾಲಂನಲ್ಲಿ ಪದಗಳಿದ್ದರೆ ಇದೇ ಕೆಲಸ ಹೀಗೆ ಆಗುತ್ತದೆ:

```
=--(SUMPRODUCT(--ISNUMBER(SEARCH(" "&$P$2:$P$15," "&C3)))>0)
```

ಪದಗಳ ಶ್ರೇಣಿಯಲ್ಲಿ ಒಂದು ಕೋಶ ಖಾಲಿ ಉಳಿದರೂ ಕೆಟ್ಟಿತು. ಆಗ ಹುಡುಕುವುದು ಬರೀ ಖಾಲಿ ಜಾಗವನ್ನು, ಅದು ಪ್ರತಿ ಸಾಲಿನಲ್ಲೂ ಸಿಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ `TEXTJOIN`ನ ಎರಡನೆಯ ಜಾಗದಲ್ಲಿ `FALSE` ಹಾಕಿ, ಪಟ್ಟಿಯಲ್ಲಿ ವಿಷಯ ಬರೆದು ಪದ ಬಿಟ್ಟ ಸಾಲು ಇದ್ದರೆ ಆಗುವುದೂ ಇದೇ. ಯಾವುದಾದರೂ ವಿಷಯದ ಮೊತ್ತ ಸರಿಯಾಗಿ 308 ಎಂದು ಬಂದರೆ ಜನ ಒಮ್ಮತಕ್ಕೆ ಬಂದಿದ್ದಾರೆ ಎಂದುಕೊಳ್ಳಬೇಡಿ, ಖಾಲಿ ಕೋಶ ಹುಡುಕಿ.

ಉಳಿದದ್ದನ್ನು ಓದುವುದು

K ಕಾಲಂಗೆ ‘ಉಳಿದದ್ದು’ ಎಂದು ಹೆಸರಿಟ್ಟೆ. ಯಾವ ವಿಷಯಕ್ಕೂ ಸೇರದ ಅನಿಸಿಕೆಗೆ ಅಲ್ಲಿ 1 ಬರುತ್ತದೆ: `=--(SUM(E3:J3)=0)`. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಕಾಲಂ ಇದು. ಮೊದಲ ಸುತ್ತಿನಲ್ಲಿ ಉಳಿದದ್ದು 119. ಅವನ್ನು ಓದಿ, ಹೊಸ ಪದಗಳನ್ನು ಪಟ್ಟಿಗೆ ಸೇರಿಸಿದ ಮೇಲೆ 52. ಇನ್ನೊಮ್ಮೆ ಓದಿದ ಮೇಲೆ 31. ಅಲ್ಲಿಗೆ ನಿಲ್ಲಿಸಿದೆ. ಅದರ ಮುಂದೆ ಒಂದೊಂದು ಅನಿಸಿಕೆಗೆ ಒಂದೊಂದು ಪದ ಸೇರಿಸಬೇಕಾಗುತ್ತದೆ, ಅದರ ಬದಲು ಕೈಯಿಂದ ಗುರುತು ಹಾಕುವುದೇ ಸಲೀಸು.

ಆ 31ರಲ್ಲಿ ಒಂದು ಹೀಗಿತ್ತು: ‘ನಿಮ್ಮ ರೊಟ್ಟಿಯನ್ನು ಚಮಚದಲ್ಲಿ ತಿಂದೆವು.’

ಇದನ್ನು ಯಾವ ಸೂತ್ರ ಹಿಡಿಯುತ್ತದೆ? ಮುರಿ ಇಲ್ಲ, ಒಡೆ ಇಲ್ಲ, ಪುಡಿಯೂ ಇಲ್ಲ. ಓದಿದ ಕಾಕು ಮಾತ್ರ ‘ಅಯ್ಯೋ’ ಎಂದರು. ಹೀಗೆ ಕೊಂಕಿನಲ್ಲಿ, ಸುತ್ತುಬಳಸಿ ಹೇಳಿದ ಮುರಿತದ ದೂರು 31ರಲ್ಲಿ ನಾಲ್ಕಿದ್ದವು. ಇವುಗಳಿಗಾಗಿ M ಕಾಲಂ ಇಟ್ಟೆ. ಅದು ಕೈಯಿಂದ ತಿದ್ದುವ ಕಾಲಂ. ಮುರಿತದ ವಿಷಯದಲ್ಲಿ ಸೂತ್ರ ತಪ್ಪಿದ ಕಡೆ ನಾವೇ 1 ಅಥವಾ 0 ಬರೆಯುತ್ತೇವೆ. N ಕಾಲಂ ಅಂತಿಮ ತೀರ್ಪು: `=IF(M3="",E3,M3)`. ಸೂತ್ರದ ಮೇಲೆಯೇ ಅಂಕ ಬರೆದು ಅಳಿಸಿಬಿಟ್ಟರೆ, ಯಾವುದು ಯಂತ್ರದ ಮಾತು, ಯಾವುದು ನಮ್ಮದು ಎಂಬುದು ಮುಂದಿನ ತಿಂಗಳು ನಮಗೇ ತಿಳಿಯುವುದಿಲ್ಲ.

ಇನ್ನು ನಿಷೇಧದ ಮಾತು. ಮುರಿತದ ಕಾಲಂನಲ್ಲಿ 73 ಬಂದಿತ್ತು. ಆದರೆ ‘ಒಂದೂ ರೊಟ್ಟಿ ಮುರಿದಿರಲಿಲ್ಲ, ಪ್ಯಾಕಿಂಗ್ ಸೊಗಸಾಗಿದೆ’ ಎಂಬುದೂ ಅದರೊಳಗೆ ಇತ್ತು. ಅಂಥವನ್ನು ಹುಡುಕಲು L ಕಾಲಂ:

```
=--REGEXMATCH(C3,"ಲಿಲ್ಲ|ದಿಲ್ಲ|ವಿಲ್ಲ|ಗಿಲ್ಲ|ಇಲ್ಲ")
```

ಬರೀ ‘ಲ್ಲ’ ಎಂದು ಹಾಕಿದ್ದರೆ ‘ಎಲ್ಲ ಚೆನ್ನಾಗಿದೆ’ ಎಂಬುದೂ ಬರುತ್ತಿತ್ತು, ಬೆಲ್ಲವೂ ಬರುತ್ತಿತ್ತು. ಹೀಗೆ ಹಾಕಿದರೂ ‘ಇಲ್ಲಿ’ ಎಂಬ ಪದ ನುಸುಳುತ್ತದೆ. ಅದಕ್ಕೇ ಈ ಕಾಲಂ ಇರುವುದು ‘ಇದನ್ನು ಓದಿ ನೋಡು’ ಎಂದು ಬೆರಳು ತೋರಿಸಲು ಮಾತ್ರ, ತಾನೇ ಕಳೆಯಲು ಅಲ್ಲ. 73ರಲ್ಲಿ 19ಕ್ಕೆ ಈ ಗುರುತು ಬಿತ್ತು. ಓದಿದಾಗ 9 ಮಾತ್ರ ನಿಜವಾಗಿ ‘ಮುರಿದಿರಲಿಲ್ಲ’ ಎಂದವು. ಉಳಿದ ಹತ್ತರಲ್ಲಿ ‘ರೊಟ್ಟಿ ಮುರಿದಿತ್ತು, ಫೋನು ಮಾಡಿದರೆ ಯಾರೂ ಎತ್ತಲಿಲ್ಲ’ ಎಂಬ ಧಾಟಿಯ ಮಾತುಗಳು. ಸೂತ್ರವೇ ಕಳೆದಿದ್ದರೆ ಕೋಪಗೊಂಡ ಗ್ರಾಹಕರೇ ಲೆಕ್ಕದಿಂದ ಹೊರಬೀಳುತ್ತಿದ್ದರು. ಗುರುತು ಬೀಳದ 54ನ್ನೂ ಓದಿದೆ, ಎಲ್ಲವೂ ನಿಜವಾದ ಮುರಿತವೇ. ಅಲ್ಲಿಗೆ 64, ಕೈಯಿಂದ ಸೇರಿಸಿದ 4, ಒಟ್ಟು 68.

ಸೂತ್ರ ಹಿಡಿದದ್ದು ಸರಿಯೇ ಎಂದು ನೋಡಿದ್ದಾಯಿತು, ಹಿಡಿಯದೆ ಬಿಟ್ಟದ್ದು ಎಷ್ಟು ಎಂದೂ ನೋಡಬೇಕು. ಮುರಿತದಲ್ಲಿ 0 ಬಂದು ಬೇರೆ ವಿಷಯದಲ್ಲಿ 1 ಬಂದ ಅನಿಸಿಕೆಗಳು 204. ಪಕ್ಕದಲ್ಲಿ `=RAND()` ಹಾಕಿ, ಆ ಅಂಕಗಳನ್ನು ಮೌಲ್ಯಗಳಾಗಿ ಅಂಟಿಸಿ, ವಿಂಗಡಿಸಿ ಮೊದಲ 60 ಓದಿದೆ. ಒಂದೇ ಒಂದು ತಪ್ಪಿಸಿಕೊಂಡಿತ್ತು: ‘ಚಟ್ನಿ ಚೆನ್ನಾಗಿದೆ. ರೊಟ್ಟಿ ಹಪ್ಪಳದ ಹುಡಿಯಂತೆ ಬಂತು.’ ಕರಾವಳಿಯವರ ‘ಹುಡಿ’ ನಮ್ಮ ಪಟ್ಟಿಯಲ್ಲಿರಲಿಲ್ಲ. ‘ಚೆನ್ನಾಗಿದೆ’ಯಿಂದಾಗಿ ಮೆಚ್ಚುಗೆಯ ಬುಟ್ಟಿ ಸೇರಿ, ಉಳಿದವರ ಪಟ್ಟಿಗೂ ಬಂದಿರಲಿಲ್ಲ. 60ರಲ್ಲಿ ಒಂದಾದರೆ 204ರಲ್ಲಿ ಮೂರ್ನಾಲ್ಕು ಇರಬಹುದು, ತೀರ್ಮಾನ ಬದಲಾಗುವಷ್ಟಲ್ಲ. ಸಿಕ್ಕ ಒಂದನ್ನು ಸೇರಿಸಿ 69 ಎಂದು ಬರೆದುಕೊಂಡೆ.

‘ಆದರೆ’ಯ ಆಚೆ

ಪದ ಎಣಿಸುವವರು ‘ಮತ್ತು’, ‘ಆದರೆ’, ‘ಕೂಡ’ ಮುಂತಾದವನ್ನು ಕಸವೆಂದು ಮೊದಲೇ ಗುಡಿಸಿಹಾಕುತ್ತಾರೆ. ‘ಆದರೆ’ಯನ್ನು ಹಾಗೆ ಗುಡಿಸುವುದು ನನಗೆ ಸರಿಬರುವುದಿಲ್ಲ. ನಮ್ಮ ಜನ ಮುಖದ ಮೇಲೆ ಹೊಡೆದಂತೆ ದೂರು ಹೇಳುವುದಿಲ್ಲ. ಮೊದಲು ಎರಡು ಒಳ್ಳೆಯ ಮಾತು, ಆಮೇಲೆ ‘ಆದರೆ’, ಅದರ ಹಿಂದೆ ‘ಸ್ವಲ್ಪ’. ‘ರುಚಿ ಅಮ್ಮನ ಕೈಯದೇ. ಆದರೆ ರೊಟ್ಟಿ ಸ್ವಲ್ಪ ಮುರಿದಿದ್ದವು.’ ಆ ‘ಸ್ವಲ್ಪ’ ಎಂದರೆ ಇಪ್ಪತ್ತೈದರಲ್ಲಿ ಹದಿನೈದು ಎಂದು ಆಮೇಲೆ ಫೋನಿನಲ್ಲಿ ಗೊತ್ತಾಯಿತು. ‘ಆದರೆ’ಯ ನಂತರದ ಭಾಗವನ್ನಷ್ಟೇ ಎತ್ತುವ ಸೂತ್ರ:

```
=IFERROR(REGEXEXTRACT(C3,"(?:^| )(?:ಆದರೆ|ಆದ್ರೆ|adare|adre|but) (.*)$"),"")
```

58 ಸಾಲುಗಳು ಬಂದವು. ಐದರಲ್ಲಿ ‘ಖಾಲಿ ಆದರೆ ಮತ್ತೆ ತರಿಸುತ್ತೇವೆ’ ಎಂಬಂಥ ಬೇರೆ ‘ಆದರೆ’ ಇತ್ತು. ಉಳಿದ 53 ತುಣುಕುಗಳನ್ನು ಕಾಕುಗೆ ಫೋನಿನಲ್ಲಿ ಓದಿ ಹೇಳಿದೆ, ಹತ್ತು ನಿಮಿಷವೂ ಬೇಕಾಗಲಿಲ್ಲ. ಯಾವ ಕೋಷ್ಟಕವೂ ತೋರಿಸದಷ್ಟು ಸ್ಪಷ್ಟವಾಗಿ ಅವರಿಗೆ ವಿಷಯ ಮನದಟ್ಟಾಯಿತು. ನಡುವೆಯೇ ಕೇಳಿದರು: ‘ಎಲ್ಲರೂ ದೊಡ್ಡ ಕಟ್ಟಿನವರೇ ಏನು?’

ದೊಡ್ಡ ಕಟ್ಟು, ಸಣ್ಣ ಕಟ್ಟು

ಆ ಪ್ರಶ್ನೆಗೆ ಉತ್ತರ ಆರ್ಡರ್ ಸಂಖ್ಯೆಯಲ್ಲಿತ್ತು. ರೊಟ್ಟಿಯನ್ನು ಅವರು 10ರ ಮತ್ತು 25ರ ಕಟ್ಟಾಗಿ ಮಾರುತ್ತಾರೆ, ರೊಟ್ಟಿಯಿಲ್ಲದ ಆರ್ಡರ್ ತೀರಾ ವಿರಳ, ಈ 308ರಲ್ಲಂತೂ ಒಂದೂ ಇರಲಿಲ್ಲ. ಆರ್ಡರ್ ಹಾಳೆಯಿಂದ `VLOOKUP` ಮೂಲಕ ಕಟ್ಟಿನ ಗಾತ್ರವನ್ನು D ಕಾಲಂಗೆ ತಂದು `=COUNTIFS(D3:D310,25,N3:N310,1)` ಎಂದು ಎಣಿಸಿದೆ. 25ರ ಕಟ್ಟು ಕೊಂಡವರ ಅನಿಸಿಕೆ 121, ಅದರಲ್ಲಿ ಮುರಿತ 47. 10ರ ಕಟ್ಟಿನವರದು 187, ಅದರಲ್ಲಿ ಮುರಿತ 22. ಅಂದರೆ ದೊಡ್ಡ ಕಟ್ಟಿನಲ್ಲಿ ನೂರಕ್ಕೆ 39ರಷ್ಟು, ಸಣ್ಣದರಲ್ಲಿ 12ರಷ್ಟು ಮಂದಿ ಮುರಿತದ ಮಾತು ಬರೆದಿದ್ದಾರೆ.

ಇಲ್ಲಿ ತಂಗಿ ಒಂದು ಹೆಜ್ಜೆ ಮುಂದೆ ಹೋಗಿ ‘ಹಾಗಾದರೆ ನಮ್ಮ ದೊಡ್ಡ ಕಟ್ಟುಗಳಲ್ಲಿ ನೂರಕ್ಕೆ 39 ಮುರಿಯುತ್ತಿವೆ’ ಎಂದಳು. ಅದು ಈ ಶೀಟಿನಿಂದ ಬರುವ ಮಾತಲ್ಲ. ರೊಟ್ಟಿ ಮುರಿದವರು ಫಾರ್ಮ್ ತುಂಬುವ ಉಮೇದು ಹೆಚ್ಚು, ನೆಟ್ಟಗೆ ಬಂದವರು ಊಟಕ್ಕೆ ಕುಳಿತಿರುತ್ತಾರೆ. ಬರೆದವರೊಳಗೆ ದೊಡ್ಡ ಕಟ್ಟಿನವರನ್ನೂ ಸಣ್ಣ ಕಟ್ಟಿನವರನ್ನೂ ಹೋಲಿಸಬಹುದು, ಏಕೆಂದರೆ ಆ ಓರೆ ಇಬ್ಬರಲ್ಲೂ ಇದೆ. ಒಟ್ಟು ಎಷ್ಟು ಕಟ್ಟು ಮುರಿಯುತ್ತಿವೆ ಎಂದು ತಿಳಿಯಬೇಕಾದರೆ ಫಾರ್ಮ್ ತುಂಬದ ಇಪ್ಪತ್ತು ಮೂವತ್ತು ಜನರಿಗೆ ಫೋನು ಮಾಡಿ ಕೇಳಬೇಕು.

ಕಾರಣ ಹುಡುಕಲು ಶೀಟು ಬೇಕಾಗಲಿಲ್ಲ. 10ರ ಕಟ್ಟು ರಟ್ಟಿನ ಡಬ್ಬಿಯಲ್ಲಿ ಹೋಗುತ್ತದೆ. 25ರದ್ದಕ್ಕೆ ಹೊಂದುವ ಡಬ್ಬಿ ಸಿಗದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸುತ್ತ ಹಳೆಯ ಪೇಪರ್ ಸುತ್ತಿ ಕಳಿಸುತ್ತಿದ್ದರು. ಮರುವಾರ ಕಾಕು ರೊಟ್ಟಿಯ ಅಳತೆಗೆ ಕತ್ತರಿಸಿದ ಎರಡು ರಟ್ಟಿನ ಹಾಳೆಗಳ ನಡುವೆ ಕಟ್ಟಿಟ್ಟು, ನಾಲ್ಕೂ ಕಡೆ ದಾರ ಬಿಗಿದು, ಆಮೇಲೆ ಚೀಲಕ್ಕೆ ಹಾಕುವುದನ್ನು ಶುರು ಮಾಡಿದರು. ಚಟ್ನಿಯ ಮೆಣಸಿನಕಾಯಿ ಇದ್ದಷ್ಟೇ ಉಳಿಯಿತು. ರಂಜಕದ ಡಬ್ಬಿಗೆ ಕೆಂಪು ಚೀಟಿ ಬಂತು.

ಫಾರ್ಮ್‌ನಲ್ಲಿ ಈಗ ಮೂರನೆಯ ಪ್ರಶ್ನೆಯೊಂದಿದೆ: ‘ಎಷ್ಟು ರೊಟ್ಟಿ ಮುರಿದಿದ್ದವು?’ ಉತ್ತರ ಅಂಕದಲ್ಲಿ. ಅನಿಸಿಕೆಯ ಜಾಗ ಹಾಗೆಯೇ ಇದೆ. ಹೊಸ ಕಟ್ಟು ಹೋಗಲು ಶುರುವಾದ ಮೇಲೆ ಬಂದ ಅನಿಸಿಕೆಗಳನ್ನು ತಂಗಿ ಅದೇ ಹಾಳೆಯ ಕೆಳಗೆ ಸೇರಿಸುತ್ತಿದ್ದಾಳೆ, ದಿನಾಂಕದ ಕಾಲಂ ಒಂದನ್ನು ಹೆಚ್ಚಿಗೆ ಹಾಕಿಕೊಂಡಿದ್ದಾಳೆ. ಮೊನ್ನೆ ಒಂದು ಸಾಲಿನ ಚಿತ್ರ ತೆಗೆದು ಕಳಿಸಿದಳು. ಮುರಿತದ ಕಾಲಂನಲ್ಲಿ 1, ನಿಷೇಧದ ಕಾಲಂನಲ್ಲೂ 1. B ಕಾಲಂನಲ್ಲಿ: ‘ನಮಸ್ಕಾರ, ಈ ಸಲ ಒಂದೂ ಮುರಿದಿಲ್ಲ. ದಾರ ಬಿಚ್ಚಲು ಮಾತ್ರ ಕತ್ತರಿ ಬೇಕಾಯಿತು.’ M ಕಾಲಂನಲ್ಲಿ ಅವಳು ಕೈಯಾರೆ 0 ಬರೆದಿದ್ದಳು. ದಾರದ ದೂರಿಗೆ ಯಾವ ಬುಟ್ಟಿ ಎಂದು ಕೇಳಿದ್ದಾಳೆ.